ವಾಯಿದೆ ಮೀರಿದ ಬಾಕಿಗೆ ಬಡ್ಡಿ: ಗಿರಾಕಿಯನ್ನು ಉಳಿಸಿಕೊಂಡು ಹಾಕುವ ಬಗೆ

ಬ್ಯಾಡಗಿಯಲ್ಲಿ ಸೋಮವಾರ ಮತ್ತು ಗುರುವಾರ ಮೆಣಸಿನಕಾಯಿ ಮಾರುಕಟ್ಟೆ. ಸುಗ್ಗಿ ಜೋರಾಗಿರುವ ಜನವರಿಯಿಂದ ಮಾರ್ಚ್‌ವರೆಗೆ ಕಾಯಿ ಕೊಳ್ಳುವವರಿಗೆ ವಾರಕ್ಕೆ ಎರಡು ಸಲ ಕೈಯಲ್ಲಿ ರೊಕ್ಕ ಬೇಕು. ಆದರೆ ದೀಪಾವಳಿ ಹೊತ್ತಿಗೆ ಕಳಿಸಿದ ಖಾರದ ಪುಡಿಯ ದುಡ್ಡು ಹುಬ್ಬಳ್ಳಿಯ ಯಾವುದೋ ಸಗಟು ಅಂಗಡಿಯಲ್ಲಿ ಇನ್ನೂ ಕೂತಿರುತ್ತದೆ. ಫೋನ್ ಹಚ್ಚಿದರೆ ಸಿಗುವ ಉತ್ತರ ಎಲ್ಲ ಗಿರಣಿಯವರಿಗೂ ಬಾಯಿಪಾಠ: “ಮುಂದಿನ ವಾರ ಹಾಕ್ತೇನ್ರಿ ಸಾವ್ಕಾರ್ರ, ನಮ್ಮ ಮಂದೀನೂ ಕೊಟ್ಟಿಲ್ರಿ.”

ಇಲ್ಲಿ ಗಿರಣಿಯವರು ಎರಡು ದಾರಿಯಲ್ಲಿ ಒಂದನ್ನು ಹಿಡಿಯುವುದು ರೂಢಿ. ಒಬ್ಬರು ತಿಂಗಳುಗಟ್ಟಲೆ ಸುಮ್ಮನಿದ್ದು, ಒಂದು ದಿನ ಸಿಟ್ಟಿಗೆದ್ದು ಹಿಂದಿನದ್ದಕ್ಕೆಲ್ಲ ಬಡ್ಡಿ ಹಾಕಿ ಚೀಟಿ ಕಳಿಸುತ್ತಾರೆ. ಗಿರಾಕಿ ಪಕ್ಕದ ಗಿರಣಿಗೆ ಹೋಗುತ್ತಾನೆ. ಇನ್ನೊಬ್ಬರು ಕಡೆಯವರೆಗೂ ಸುಮ್ಮನೇ ಇದ್ದು, ಬ್ಯಾಂಕಿಗೆ ತಾವೇ ಬಡ್ಡಿ ಕಟ್ಟುತ್ತಾರೆ. ಹಾವೇರಿ ಜಿಲ್ಲೆಯಲ್ಲಿ ಬಡ್ಡಿ ಎಂಬ ಮಾತಿಗೆ ಮುಜುಗರ ಹೆಚ್ಚು, ಅದಕ್ಕೆ ಕಾರಣವೂ ಇದೆ. ಮೈಕ್ರೋ ಫೈನಾನ್ಸ್ ವಸೂಲಿಯ ಕಾಟದ ವಿರುದ್ಧ 2025ರ ಜನವರಿಯಲ್ಲಿ ಈ ಜಿಲ್ಲೆಯ ಹೆಣ್ಣುಮಕ್ಕಳು ಮಾಂಗಲ್ಯ ಮುಂದಿಟ್ಟು ಪ್ರತಿಭಟಿಸಿದ್ದು ಜನರಿಗೆ ನೆನಪಿದೆ. ಆದರೆ ಸಾಲ ಕೊಟ್ಟು ಬಡ್ಡಿ ಎಣಿಸುವುದು ಬೇರೆ, ಮಾರಿದ ಮಾಲಿನ ದುಡ್ಡು ಹೇಳಿದ ದಿನಕ್ಕೆ ಬಾರದಾಗ ತಡಕ್ಕೆ ಬೆಲೆ ಕೇಳುವುದು ಬೇರೆ. ಇವೆರಡನ್ನೂ ಒಂದೇ ಎಂದುಕೊಂಡವರೇ ಬಡ್ಡಿ ಕೇಳಲು ಹಿಂಜರಿಯುವುದು, ಇಲ್ಲವೇ ಒರಟಾಗಿ ಕೇಳುವುದು.

ತಡಕ್ಕೆ ಬೆಲೆ ಇಟ್ಟರೆ ಏನಾಗುತ್ತದೆ

ಸಗಟು ಅಂಗಡಿಯವನು ಹತ್ತಾರು ಕಡೆಯಿಂದ ಉದ್ರಿ ಮಾಲು ತರುತ್ತಾನೆ. ಸಂಜೆ ಗಲ್ಲಾಪೆಟ್ಟಿಗೆಯಲ್ಲಿ ಒಂದು ಲಕ್ಷ ಇದ್ದರೆ ಅದನ್ನು ಯಾರಿಗೆ ಮೊದಲು ಕೊಡಬೇಕು ಎಂದು ಯೋಚಿಸುತ್ತಾನೆ. ತಡಮಾಡಿದರೆ ಮಾಲು ನಿಲ್ಲಿಸುವವರಿಗೆ ಮೊದಲು, ತಡಕ್ಕೆ ದುಡ್ಡು ಕೇಳುವವರಿಗೆ ಆಮೇಲೆ, ಏನೂ ಅನ್ನದವರಿಗೆ ಕೊನೆಗೆ. ಇದರಲ್ಲಿ ದುರುದ್ದೇಶವೇನಿಲ್ಲ, ಪುಕ್ಕಟೆ ಸಿಗುವ ರೊಕ್ಕವನ್ನು ಯಾರೂ ಬೇಗ ಬಿಡುವುದಿಲ್ಲ. ಬಡ್ಡಿಯ ಷರತ್ತು ಗಿರಣಿಯವರನ್ನು ಆ ಸಾಲಿನಲ್ಲಿ ಮುಂದಕ್ಕೆ ತರುತ್ತದೆ. ಅದರ ಕೆಲಸ ಅಷ್ಟೇ. ಬಡ್ಡಿಯಿಂದಲೇ ಆದಾಯ ಮಾಡಿಕೊಳ್ಳಲು ಹೊರಟವರು ದರವನ್ನು ಏರಿಸುತ್ತಾ ಹೋಗಿ ಗಿರಾಕಿಯನ್ನೂ ಕಳೆದುಕೊಳ್ಳುತ್ತಾರೆ, ಕೋರ್ಟಿನಲ್ಲಿ ಕೇಸನ್ನೂ ಸೋಲುತ್ತಾರೆ.

ಗಿರಣಿಯವರ ಕಡೆಯ ಲೆಕ್ಕವನ್ನೂ ನೋಡಬೇಕು. ಬ್ಯಾಂಕಿನ ಸಿಸಿ ಸಾಲಕ್ಕೆ ವರ್ಷಕ್ಕೆ ಶೇ. 12ರಂತೆ ಕಟ್ಟುವವರ ಎರಡು ಲಕ್ಷ ರೂಪಾಯಿ ಎರಡು ತಿಂಗಳು ಹೊರಗೆ ನಿಂತರೆ ಸುಮಾರು ನಾಲ್ಕು ಸಾವಿರ ರೂಪಾಯಿ ಹೋಯಿತು. ನೂರಕ್ಕೆ ನಾಲ್ಕು ಉಳಿಯುವ ವ್ಯಾಪಾರದಲ್ಲಿ ಆ ಬಿಲ್ಲಿನ ಅರ್ಧ ಲಾಭ ಅದು. ಗಿರಾಕಿ “ನಮಗೂ ಬಡ್ಡಿ ಹಾಕ್ತೀರೇನ್ರಿ?” ಎಂದಾಗ ಈ ಲೆಕ್ಕ ಹೇಳುವುದು ಜಗಳಕ್ಕಿಂತ ಸಲೀಸು. ಬ್ಯಾಂಕ್ ಬಡ್ಡಿ ಇಬ್ಬರಿಗೂ ಗೊತ್ತಿರುವ ಸಂಗತಿ.

ಮೊದಲ ಮೂಟೆ ಹೋಗುವ ಮುಂಚೆ

ಬಾಂಧವ್ಯ ಕೆಡುವುದು ಬಡ್ಡಿಯ ಮೊತ್ತದಿಂದಲ್ಲ, ಅದು ಹೇಳದೆ ಕೇಳದೆ ಬಂದದ್ದರಿಂದ. ಆದ್ದರಿಂದ ಅರ್ಧ ಕೆಲಸ ಮಾಲು ಕಳಿಸುವ ಮುಂಚೆಯೇ ಮುಗಿಯಬೇಕು.

1. ವಾಯಿದೆಯನ್ನು ತಾರೀಖಿನಲ್ಲಿ ಬರೆಯಿರಿ. “30 ದಿನ” ಎಂದಷ್ಟೇ ಬರೆದರೆ ಬಿಲ್ ತಾರೀಖಿನಿಂದಲೋ, ಮಾಲು ಮುಟ್ಟಿದ ದಿನದಿಂದಲೋ ಎಂಬ ತಕರಾರು ಹುಟ್ಟುತ್ತದೆ. ಲಾರಿ ತಡವಾದರೆ ವಾರ ಹೆಚ್ಚುಕಡಿಮೆ ಆಗುತ್ತದೆ. ಬಿಲ್ಲಿನ ಮೇಲೆ “ಹಣ ಸಲ್ಲಬೇಕಾದ ದಿನ: 01-12-2025” ಎಂದೇ ಇರಲಿ.

2. ದರವನ್ನು ಎರಡು ಬಗೆಯಲ್ಲೂ ಬರೆಯಿರಿ. ಪೇಟೆಯ ಬಾಯಲ್ಲಿ “ತಿಂಗಳಿಗೆ ನೂರಕ್ಕೆ ಒಂದೂವರೆ” ಅಂದರೆ ಎಲ್ಲರಿಗೂ ತಿಳಿಯುತ್ತದೆ, ವಕೀಲರಿಗೆ ಮತ್ತು ಆಡಿಟರಿಗೆ “ವಾರ್ಷಿಕ ಶೇ. 18, ಸರಳ ಬಡ್ಡಿ” ಬೇಕು. ಎರಡೂ ಒಂದೇ, ಎರಡನ್ನೂ ಹಾಕಿದರೆ ಗೊಂದಲವಿಲ್ಲ. “ನೂರಕ್ಕೆ ಮೂರು” ಎಂದು ಬರೆಯುವ ಆಸೆ ಬೇಡ. ವರ್ಷಕ್ಕೆ ಶೇ. 36ರ ತಡಬಡ್ಡಿಯನ್ನು ಕೋರ್ಟು ದಂಡವೆಂದು ಕಾಣುವ ಸಾಧ್ಯತೆ ಹೆಚ್ಚು. 1872ರ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಅಂಥ ಕಡೆ ಸಿಗುವುದು ನ್ಯಾಯವಾದ ಪರಿಹಾರ ಮಾತ್ರ, ಬರೆದುಕೊಂಡದ್ದಷ್ಟೂ ಅಲ್ಲ.

3. ಒಮ್ಮೆಯಾದರೂ ಸಹಿ ಪಡೆಯಿರಿ. ಬಿಲ್ಲಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ಅಚ್ಚಾದ ಷರತ್ತನ್ನು “ನಾವು ಒಪ್ಪಿಲ್ಲ” ಎಂದು ಗಿರಾಕಿ ತಳ್ಳಿಹಾಕಬಹುದು, ಏಕೆಂದರೆ ಬಿಲ್ ಬರುವ ಹೊತ್ತಿಗೆ ಸೌದಾ ಮುಗಿದಿರುತ್ತದೆ. ಖಾತೆ ತೆರೆಯುವಾಗ ಅರ್ಧ ಪುಟದ ಒಪ್ಪಿಗೆ ಪತ್ರ ಸಾಕು: ಉದ್ರಿಯ ಮಿತಿ, ವಾಯಿದೆ, ದರ, ರಿಯಾಯಿತಿ ದಿನಗಳು, ಬಂದ ಹಣವನ್ನು ಮೊದಲು ಯಾವುದಕ್ಕೆ ಜಮಾ ಮಾಡಲಾಗುವುದು ಎಂಬುದು.

4. ನಾಲ್ಕಾರು ದಿನದ ರಿಯಾಯಿತಿ ಇಡಿ. ಬ್ಯಾಂಕಿಗೆ ರಜೆ, ಚೆಕ್ ಬರೆಯುವವರು ಊರಲ್ಲಿಲ್ಲ ಎಂಬ ಪ್ರಾಮಾಣಿಕ ತಡಗಳು ಇದರಲ್ಲಿ ಹೋಗುತ್ತವೆ. ಏಳು ದಿನದೊಳಗೆ ಬಂದರೆ ಬಡ್ಡಿ ಇಲ್ಲ, ಏಳು ದಾಟಿದರೆ ವಾಯಿದೆ ದಿನದಿಂದಲೇ ಎಣಿಕೆ ಎಂಬ ಮಾತು ಪತ್ರದಲ್ಲಿ ಸ್ಪಷ್ಟವಿರಲಿ.

ಈಗಾಗಲೇ ಹತ್ತು ವರ್ಷದಿಂದ ಬಡ್ಡಿಯಿಲ್ಲದೆ ನಡೆದುಬಂದ ಖಾತೆಯಿದ್ದರೆ? ಹಳೆಯ ಬಾಕಿಗೆ ಹೊಸ ಷರತ್ತು ಅಂಟಿಸಬಾರದು. ಈ ಭಾಗದ ಪೇಟೆಗಳಲ್ಲಿ ದೀಪಾವಳಿಗೆ ಹೊಸ ಖಾತೆ-ಕಿರ್ದಿ ಪೂಜೆ ಮಾಡಿ ಲೆಕ್ಕ ಶುರುಮಾಡುವ ಪದ್ಧತಿ ಇದೆಯಲ್ಲ, ಹೊಸ ಷರತ್ತು ತರಲು ಅದಕ್ಕಿಂತ ಒಳ್ಳೆಯ ಸಂದರ್ಭ ಸಿಗದು. “ಈ ಪಾಡ್ಯದಿಂದ ಹೋಗುವ ಬಿಲ್ಲುಗಳಿಗೆ ಇದು ಅನ್ವಯ, ಹಿಂದಿನವಕ್ಕೆ ಇಲ್ಲ” ಎಂದು ಎಲ್ಲ ಗಿರಾಕಿಗಳಿಗೂ ಒಂದೇ ಪತ್ರ ಹೋದರೆ ಯಾರಿಗೂ ತನ್ನನ್ನು ಮಾತ್ರ ಗುರಿಮಾಡಿದರು ಅನಿಸುವುದಿಲ್ಲ.

ಒಂದು ಬಿಲ್ಲಿನ ಲೆಕ್ಕ

ಲೆಕ್ಕಕ್ಕಾಗಿ ಒಂದು ಖಾತೆಯನ್ನು ಕಲ್ಪಿಸಿಕೊಳ್ಳೋಣ. ಬ್ಯಾಡಗಿಯ ಒಂದು ಖಾರದ ಪುಡಿ ಗಿರಣಿ ಹುಬ್ಬಳ್ಳಿಯ ಸಗಟು ಅಂಗಡಿಗೆ 2025ರ ನವೆಂಬರ್ 1ರಂದು ಎರಡು ಲಕ್ಷ ರೂಪಾಯಿಯ ಪುಡಿ ಕಳಿಸಿದೆ. ಶೇ. 5 ಜಿಎಸ್‌ಟಿ ಸೇರಿ ಬಿಲ್ 2,10,000 ರೂಪಾಯಿ. ಹಣ ಸಲ್ಲಬೇಕಾದ ದಿನ ಡಿಸೆಂಬರ್ 1. ಅಂಗಡಿಯವರು ಡಿಸೆಂಬರ್ 31ಕ್ಕೆ ಒಂದು ಲಕ್ಷ ಹಾಕಿದರು, ಉಳಿದ ಅಸಲನ್ನು ಜನವರಿ 30ಕ್ಕೆ ತೀರಿಸಿದರು.

ಮೊದಲ 30 ದಿನ ಪೂರ್ತಿ 2,10,000 ಬಾಕಿ. ವಾರ್ಷಿಕ ಶೇ. 18ರಂತೆ ಬಡ್ಡಿ 3,107 ರೂಪಾಯಿ. ಬಂದ ಒಂದು ಲಕ್ಷವನ್ನು ಅಸಲಿಗೇ ಜಮಾ ಮಾಡಿದರೆ ಬಾಕಿ 1,10,000. ಅದರ ಮೇಲೆ ಮುಂದಿನ 30 ದಿನಕ್ಕೆ 1,627. ಒಟ್ಟು 4,734 ರೂಪಾಯಿ.

ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆ ಇಟ್ಟವರಿಗೆ ಒಂದು ಸಾಲು ಸಾಕು. ಬಾಕಿ ಮೊತ್ತ B2ರಲ್ಲಿ, ಎಣಿಕೆ ಶುರುವಾಗುವ ತಾರೀಖು C2ರಲ್ಲಿ, ಹಣ ಬಂದ ತಾರೀಖು D2ರಲ್ಲಿ ಇರಲಿ:

```
=ROUND(B2*18%*(D2-C2)/365,0)
```

ಟ್ಯಾಲಿಯಲ್ಲಿ ಲೆಕ್ಕ ಇಡುವವರು ಗಿರಾಕಿಯ ಲೆಡ್ಜರಿನಲ್ಲಿ Maintain balances bill-by-bill ಮತ್ತು Activate interest calculation ಎರಡಕ್ಕೂ Yes ಕೊಡಬೇಕು. ಮೊದಲನೆಯದು ಇಲ್ಲದಿದ್ದರೆ ಯಾವ ಬಿಲ್ಲು ಎಷ್ಟು ದಿನ ತಡವಾಯಿತು ಎಂಬುದು ಹೊರಬೀಳುವುದಿಲ್ಲ.

ಇಲ್ಲೊಂದು ಹಳೆಯ ಜಗಳವಿದೆ. ಗಿರಾಕಿ ಅರ್ಧಂಬರ್ಧ ಕಟ್ಟಿದಾಗ ಅದನ್ನು ಮೊದಲು ಬಡ್ಡಿಗೆ ಜಮಾ ಮಾಡಬೇಕೋ, ಅಸಲಿಗೋ? ಬೇರೆ ಒಪ್ಪಂದ ಇಲ್ಲದಿದ್ದಾಗ ಮೊದಲು ಬಡ್ಡಿಗೆ, ಉಳಿದದ್ದು ಅಸಲಿಗೆ ಎಂಬುದೇ ನ್ಯಾಯಾಲಯಗಳು ಒಪ್ಪಿಕೊಂಡು ಬಂದ ಪದ್ಧತಿ. ಮೇಲಿನ ಖಾತೆಯಲ್ಲಿ ಹಾಗೆ ಮಾಡಿದರೆ ಒಂದು ಲಕ್ಷದಲ್ಲಿ 3,107 ಬಡ್ಡಿಗೆ ಹೋಗಿ ಅಸಲು ಬಾಕಿ 1,13,107 ನಿಲ್ಲುತ್ತದೆ, ಮುಂದಿನ ತಿಂಗಳ ಬಡ್ಡಿ 1,673 ಆಗುತ್ತದೆ. ಒಟ್ಟು 4,780. ಎರಡು ಪದ್ಧತಿಗೂ ಇರುವ ಅಂತರ 46 ರೂಪಾಯಿ! ಒಂದು ಹೊತ್ತಿನ ಚಹಾ-ಮಿರ್ಚಿಗೆ ಆಗುವಷ್ಟು ದುಡ್ಡಿಗಾಗಿ “ಕೊಟ್ಟ ಲಕ್ಷದಾಗ ಮೂರು ಸಾವಿರ ನುಂಗಿದ್ರು” ಎಂಬ ಮಾತು ಪೇಟೆ ತುಂಬ ಓಡಾಡುವುದು ಬೇಡ. ವ್ಯವಹಾರ ಮುಂದುವರಿಯುವ ಗಿರಾಕಿಯ ಹಣವನ್ನು ಅಸಲಿಗೆ ಜಮಾ ಮಾಡಿ, ಬಡ್ಡಿಯನ್ನು ಪ್ರತ್ಯೇಕ ಸಾಲಿನಲ್ಲಿ ತೋರಿಸುವುದೇ ಲೇಸು. ವರ್ಷಗಟ್ಟಲೆ ನಿಂತ, ಕೋರ್ಟಿಗೆ ಹೋಗಬಹುದಾದ ಬಾಕಿಯಲ್ಲಿ ಮಾತ್ರ ಬಡ್ಡಿಗೆ ಮೊದಲು ಎಂಬ ಪದ್ಧತಿ ಅರ್ಥಪೂರ್ಣ. ಹಲವು ಬಿಲ್ಲುಗಳು ಬಾಕಿಯಿದ್ದಾಗ ಗಿರಾಕಿ ‘ಇದು ಇಂಥ ಬಿಲ್ಲಿಗೆ’ ಎಂದು ಹೇಳಿ ಕಟ್ಟಿದರೆ ಅದನ್ನು ಒಪ್ಪಿಕೊಂಡ ಮೇಲೆ ಆ ಬಿಲ್ಲಿಗೇ ಜಮಾ ಮಾಡಬೇಕು; ಅವನು ಏನೂ ಹೇಳದಿದ್ದರೆ ಆಯ್ಕೆ ಮಾರಿದವರದ್ದು.

ಬಡ್ಡಿಯ ಮೇಲೂ ಜಿಎಸ್‌ಟಿ

ಇದು ಬಹಳ ಮಂದಿಗೆ ತಪ್ಪಿಹೋಗುವ ಸಂಗತಿ. ತಡವಾದ ಪಾವತಿಗೆ ಪಡೆದ ಬಡ್ಡಿ, ಲೇಟ್ ಫೀ, ದಂಡ ಎಲ್ಲವೂ ಆ ಮಾಲಿನ ಬೆಲೆಯ ಭಾಗವೇ ಎಂದು ಜಿಎಸ್‌ಟಿ ಕಾಯ್ದೆ ಹೇಳುತ್ತದೆ. ಮಾಲಿಗೆ ಯಾವ ದರವೋ ಬಡ್ಡಿಗೂ ಅದೇ. ಖಾರದ ಪುಡಿಯ ಬಡ್ಡಿಗೆ ಶೇ. 5. ನಮ್ಮ ಉದಾಹರಣೆಯ 4,734ಕ್ಕೆ 237 ರೂಪಾಯಿ ತೆರಿಗೆ ಸೇರಿ 4,971 ಆಗುತ್ತದೆ.

ಸಮಾಧಾನದ ವಿಷಯವೆಂದರೆ ಈ ತೆರಿಗೆಯ ಹೊಣೆ ಬರುವುದು ಬಡ್ಡಿ ಕೈಗೆ ಬಂದ ದಿನ, ಲೆಕ್ಕ ಹಾಕಿದ ದಿನವಲ್ಲ. ಆದ್ದರಿಂದ ಮೊದಲು ಗಿರಾಕಿಗೆ ಬರೀ ಲೆಕ್ಕದ ಚೀಟಿ ಕಳಿಸಬೇಕು, ಹಣ ಬಂದ ಮೇಲೆ ಮೂಲ ಬಿಲ್ಲಿನ ನಂಬರು ನಮೂದಿಸಿ ಡೆಬಿಟ್ ನೋಟ್ ಕೊಡಬೇಕು. ಕೇಳಿದ ಬಡ್ಡಿಯನ್ನು ಕೊನೆಗೆ ಬಿಟ್ಟುಬಿಟ್ಟರೆ ತೆರಿಗೆಯ ಗೊಡವೆಯೇ ಇಲ್ಲ. ಮೊದಲೇ ಡೆಬಿಟ್ ನೋಟ್ ಹರಿದು, ಆಮೇಲೆ ರಾಜಿಯಾಗಿ ಅದನ್ನು ವಾಪಸು ಪಡೆಯಲು ಒದ್ದಾಡುವವರು ಕಡಿಮೆಯೇನಿಲ್ಲ.

ಜಿಎಸ್‌ಟಿಯಲ್ಲೇ ಇನ್ನೊಂದು ನಿಯಮವನ್ನು ಗಿರಾಕಿಗೆ ಸ್ನೇಹದಿಂದ ನೆನಪಿಸಬಹುದು. ಬಿಲ್ ತಾರೀಖಿನಿಂದ 180 ದಿನದೊಳಗೆ ಮಾರಿದವರಿಗೆ ಹಣ ಕೊಡದಿದ್ದರೆ, ಕೊಂಡವರು ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು ಬಡ್ಡಿ ಸಮೇತ ವಾಪಸು ಮಾಡಬೇಕು. ಹಣ ಕೊಟ್ಟ ಮೇಲೆ ಕ್ರೆಡಿಟ್ ಮತ್ತೆ ಸಿಗುತ್ತದೆ. ಐದು ತಿಂಗಳಾದ ಬಾಕಿಗೆ “ನಿಮ್ಮ ಕ್ರೆಡಿಟ್ಟಿಗೆ ತೊಂದ್ರೆ ಆದೀತು, ಆಡಿಟರನ್ನ ಒಮ್ಮೆ ಕೇಳ್ರಿ” ಎಂಬ ಮಾತು ಬಡ್ಡಿಗಿಂತ ಚುರುಕಾಗಿ ಕೆಲಸ ಮಾಡುತ್ತದೆ, ಬಾಯಿ ಕೆಡುವುದೂ ಇಲ್ಲ.

ಚೀಟಿ ಕಳಿಸುವ ಮುನ್ನ ಒಂದು ಫೋನು

ಮೆಣಸಿನಕಾಯಿ ವ್ಯವಹಾರದಲ್ಲಿ ಹಣ ನಿಲ್ಲಲು ಬಡತನ ಒಂದೇ ಕಾರಣವಲ್ಲ. ಕಾಯಿ ದಾರಿಯಲ್ಲಿ ಒಣಗಿ ತೂಕ ಕಡಿಮೆ ಬಂದಿರಬಹುದು. ತೇವ ಹೆಚ್ಚಿದೆ ಎಂದು ಅತ್ತಲಿನವರು ಅನ್ನಬಹುದು. ಪುಡಿಯ ಬಣ್ಣ ನಮೂನೆಗಿಂತ ಮಂಕಾಗಿದೆ ಎಂಬ ತಕರಾರು ಇರಬಹುದು. ಬ್ಯಾಡಗಿ ಕಾಯಿಗೆ ಬೆಲೆಯೇ ಬಣ್ಣದಿಂದ. ಖಾರ ಕಡಿಮೆ, ಕೆಂಪು ಗಾಢ ಎಂಬ ಗುಣಕ್ಕೇ ಅದು ಹೆಸರಾದದ್ದು, 2011ರಲ್ಲಿ ಭೌಗೋಳಿಕ ಸೂಚಿಯನ್ನೂ ಪಡೆದದ್ದು. ಹಾಗಿರುವಾಗ ಬಣ್ಣದ ದೂರು ಸಣ್ಣ ದೂರಲ್ಲ. ಗಿರಾಕಿ ಇದನ್ನು ಬಾಯಿಬಿಟ್ಟು ಹೇಳದೆ ಹಣ ತಡೆದು ತೋರಿಸುತ್ತಾನೆ. ಇಂಥವನಿಗೆ ಬಡ್ಡಿ ಚೀಟಿ ಹೋದರೆ ಗಾಯಕ್ಕೆ ಖಾರ ಎರಚಿದ ಹಾಗೆ.

ಆದ್ದರಿಂದ ಮೊದಲ ಪ್ರಶ್ನೆ ಹಣದ್ದಾಗಬಾರದು, ಮಾಲಿನದ್ದಾಗಬೇಕು. ವಾಯಿದೆಗೆ ನಾಲ್ಕೈದು ದಿನ ಇರುವಾಗಲೇ ಕೇಳಬೇಕು: “ಅಣ್ಣಾರ, ಹೋದ ತಿಂಗಳದ ಪುಡಿ ಹೆಂಗ ಬಂತ್ರಿ? ತೂಕ, ಬಣ್ಣ ಎಲ್ಲಾ ಬರೋಬ್ಬರಿ ಐತಿಲ್ರಿ?” ಸರಿಯಿದೆ ಎಂದು ಬಂದ ಉತ್ತರವನ್ನು ವಾಟ್ಸ್ಯಾಪಿನಲ್ಲಿ ಉಳಿಸಿಕೊಂಡರೆ, ಮೂರು ತಿಂಗಳ ಮೇಲೆ ಏಳುವ ಹೊಸ ತಕರಾರಿಗೆ ಅದೇ ಜವಾಬು. ತಕರಾರು ನಿಜವಿದ್ದರೆ ಅಷ್ಟು ಮೊತ್ತವನ್ನು ಬದಿಗಿಟ್ಟು, ಉಳಿದದ್ದಕ್ಕೆ ಮಾತ್ರ ವಾಯಿದೆ ಎಣಿಸಬೇಕು. ಇಪ್ಪತ್ತು ಸಾವಿರದ ತಕರಾರಿಗಾಗಿ ಎರಡು ಲಕ್ಷ ತಡೆಹಿಡಿಯುವುದು ಸರಿಯಲ್ಲ ಎಂಬುದನ್ನು ಗಿರಾಕಿಯೂ ಒಪ್ಪುತ್ತಾನೆ, ಆ ಇಪ್ಪತ್ತು ಸಾವಿರವನ್ನು ಮೊದಲು ಬಿಡಿಸಿಟ್ಟರೆ.

ರಿಯಾಯಿತಿಯ ಏಳು ದಿನ ದಾಟಿದ ಮೇಲೆ ಹೋಗುವ ಬರಹ ಚಿಕ್ಕದಿರಲಿ, ಅದರಲ್ಲಿ ಬೈಗುಳವೂ ಬೇಡ, ಕ್ಷಮೆಯೂ ಬೇಡ:

“ನಮಸ್ಕಾರ. ಬಿಲ್ ನಂ. ___, ಮೊತ್ತ ರೂ. 2,10,000. ವಾಯಿದೆ ದಿನ 01-12-2025. ನಮ್ಮ ಒಪ್ಪಂದದಂತೆ ಆ ದಿನದಿಂದ ತಿಂಗಳಿಗೆ ನೂರಕ್ಕೆ ಒಂದೂವರೆ ಬಡ್ಡಿ ಎಣಿಕೆಯಾಗುತ್ತಿದೆ. ದಿನಕ್ಕೆ ಸುಮಾರು ರೂ. 104. ಯಾವ ದಿನ ಹಣ ಹಾಕಲಿದ್ದೀರಿ ಎಂದು ತಿಳಿಸಿದರೆ ಅಂದಿನವರೆಗಿನ ಲೆಕ್ಕ ಕಳಿಸುತ್ತೇವೆ.”

ದಿನಕ್ಕೆ 104 ಎಂಬ ಅಂಕಿ ಇಲ್ಲಿ ಮುಖ್ಯ. ನಾಲ್ಕೂವರೆ ಸಾವಿರದ ಒಟ್ಟು ಮೊತ್ತ ಕಂಡರೆ ಸಿಟ್ಟು ಬರುತ್ತದೆ, ದಿನದ ಲೆಕ್ಕ ಕಂಡರೆ ಇವತ್ತೇ ಕಟ್ಟಬೇಕು ಅನಿಸುತ್ತದೆ. ಇನ್ನೊಂದು ಮಾತು: ಈ ಬರಹ ಅಂಗಡಿಯ ಮಾಲೀಕರ ನಂಬರಿಗೇ ಹೋಗಬೇಕು, ವ್ಯಾಪಾರಿಗಳ ಗುಂಪಿಗೆ ಎಂದೂ ಹೋಗಬಾರದು. ಸಣ್ಣ ಪೇಟೆಯಲ್ಲಿ ಬಡ್ಡಿ ಮರೆತುಹೋಗುತ್ತದೆ, ನಾಲ್ಕು ಜನರೆದುರು ಆದ ಅವಮಾನ ಮರೆಯುವುದಿಲ್ಲ.

ಬಿಡುವುದಾದರೆ ಬರೆದು ಬಿಡಿ

ವರ್ಷಗಟ್ಟಲೆ ವಾಯಿದೆಗೆ ಸರಿಯಾಗಿ ಕೊಟ್ಟವನು ಒಮ್ಮೆ ಎಡವಿದರೆ ಬಡ್ಡಿ ಬಿಡುವುದು ವ್ಯಾಪಾರದ ಜಾಣತನವೇ. ಆದರೆ ಲೆಕ್ಕವೇ ಹಾಕದೆ ಸುಮ್ಮನಾಗುವುದಕ್ಕೂ, ಲೆಕ್ಕ ತೋರಿಸಿ ಬಿಡುವುದಕ್ಕೂ ಬಹಳ ವ್ಯತ್ಯಾಸ. “ಬಡ್ಡಿ ರೂ. 4,734. ಈ ಬಾರಿಗೆ ಮಾತ್ರ ಬಿಟ್ಟಿದೆ” ಎಂಬ ಒಂದು ಸಾಲಿನಿಂದ ಗಿರಾಕಿಗೆ ತನಗೆ ಸಿಕ್ಕ ಉಪಕಾರ ಎಷ್ಟೆಂದು ತಿಳಿಯುತ್ತದೆ. “ಈ ಬಾರಿಗೆ ಮಾತ್ರ” ಎಂಬುದು ಮಾರಿದವರ ರಕ್ಷಣೆಗೆ: ಬಾಯಿಮುಚ್ಚಿ ನಾಲ್ಕು ಸಲ ಬಿಟ್ಟವರು ಐದನೆಯ ಸಲ ಕೇಳಿದಾಗ “ಷರತ್ತು ನೀವೇ ಕೈಬಿಟ್ಟಿದ್ದಿರಿ” ಎಂಬ ವಾದಕ್ಕೆ ಎಡೆಯಾಗುತ್ತದೆ.

ಪೂರ್ತಿ ಬಿಡುವ ಬದಲು ಅರ್ಧ ಬಿಡುವುದು ಇನ್ನೂ ಒಳ್ಳೆಯದು, ಅದೂ ಏನಾದರೊಂದಕ್ಕೆ ಪ್ರತಿಯಾಗಿ. ಅಸಲು ಇದೇ ಶನಿವಾರದೊಳಗೆ ಬಂದರೆ ಅರ್ಧ ಬಡ್ಡಿ ಸಾಕು ಎಂದರೆ ಕೊಟ್ಟವನಿಗೂ ಗೆದ್ದ ಭಾವ. ಆದರೆ ಈ ರಿಯಾಯಿತಿ ಪ್ರತಿ ಬಿಲ್ಲಿಗೂ ಸಿಗುವಂತಾದರೆ ಅದೇ ಹೊಸ ದರವಾಗಿ ನಿಲ್ಲುತ್ತದೆ.

ಉದ್ಯಮ್ ನೋಂದಣಿ ಇದ್ದವರಿಗೆ

ಪುಡಿ ಗಿರಣಿ, ಬೀಜ ಸಂಸ್ಕರಣೆಯಂಥ ತಯಾರಿಕೆ ಅಥವಾ ಸೇವೆ ನಡೆಸುವ ಅತಿಸಣ್ಣ ಮತ್ತು ಸಣ್ಣ ಘಟಕಗಳಿಗೆ 2006ರ ಎಂಎಸ್ಎಂಇ ಕಾಯ್ದೆಯ ಬೆಂಬಲವಿದೆ. ಲಿಖಿತ ಒಪ್ಪಂದವಿದ್ದರೂ ವಾಯಿದೆ 45 ದಿನ ಮೀರುವಂತಿಲ್ಲ. ಒಪ್ಪಂದವಿಲ್ಲದಿದ್ದರೆ ಮಾಲು ಒಪ್ಪಿಕೊಂಡ 15 ದಿನದಲ್ಲಿ ಹಣ ಬರಬೇಕು. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 2025ರ ಜೂನ್‌ನಲ್ಲಿ ಬ್ಯಾಂಕ್ ದರ ಶೇ. 5.75 ಆದಾಗ ಇದು ಶೇ. 17.25 ಆಯಿತು, ಚಕ್ರಬಡ್ಡಿ ಸೇರಿ ವರ್ಷಕ್ಕೆ ಶೇ. 18.7ರ ಹತ್ತಿರ. ಬ್ಯಾಂಕ್ ದರ ಬದಲಾಗುತ್ತಿರುತ್ತದೆ, ಲೆಕ್ಕ ಹಾಕುವಾಗ ಅಂದಿನದನ್ನೇ ನೋಡಬೇಕು. “ಕಾಯ್ದೆಯೇ ಹೆಚ್ಚುಕಡಿಮೆ ಇಷ್ಟು ಹಾಕುತ್ತದೆ, ನಾವು ಸರಳ ಬಡ್ಡಿ ಕೇಳುತ್ತಿದ್ದೇವೆ” ಎನ್ನಲು ಇದು ಒಳ್ಳೆಯ ಆಧಾರ. ಆದಾಯ ತೆರಿಗೆಯಲ್ಲೂ ಇಂಥ ಘಟಕಗಳ ಬಾಕಿಯನ್ನು ಈ ಗಡುವಿನೊಳಗೆ ಕೊಡದಿದ್ದರೆ, ನಿಜವಾಗಿ ಕೊಟ್ಟ ವರ್ಷದಲ್ಲಷ್ಟೇ ಕೊಂಡವರು ಅದನ್ನು ಖರ್ಚು ಎಂದು ತೋರಿಸಬಹುದು. ಮಾರ್ಚ್ ತಿಂಗಳಲ್ಲಿ ಈ ಮಾತು ನೆನಪಿಸಿದರೆ ಸಾಕು.

ಎಚ್ಚರಿಕೆ: 2021ರ ಜುಲೈನಿಂದ ಸಗಟು ಮತ್ತು ಚಿಲ್ಲರೆ ವ್ಯಾಪಾರಿಗಳಿಗೂ ಉದ್ಯಮ್ ನೋಂದಣಿ ಸಿಗುತ್ತಿದೆಯಾದರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕೆ ಮಾತ್ರ. ಕಾಯಿ ಕೊಂಡು ಹಾಗೆಯೇ ಮಾರುವವರು ಆ ಪ್ರಮಾಣಪತ್ರ ತೋರಿಸಿ ಮೂರು ಪಟ್ಟು ಬಡ್ಡಿ ಕೇಳುವಂತಿಲ್ಲ. ಅವರಿಗೆ ಸಹಿ ಮಾಡಿಸಿಕೊಂಡ ಒಪ್ಪಿಗೆ ಪತ್ರವೇ ಗಟ್ಟಿ ಆಧಾರ. ಗಿರಣಿಯವರೂ ಮಾಲು ಕಳಿಸುವ ಮುಂಚೆಯೇ ನೋಂದಣಿ ಮಾಡಿಸಿರಬೇಕು. ಬಾಕಿ ನಿಂತ ಮೇಲೆ ಓಡಿ ಮಾಡಿಸಿದರೆ ತಕರಾರು ಏಳುತ್ತದೆ.

ರೈತರ ಉದ್ರಿಗೆ ಈ ಲೆಕ್ಕ ಬೇಡ

ರಾಣೆಬೆನ್ನೂರಿನಲ್ಲಿ ಬೀಜ, ಗೊಬ್ಬರ, ಔಷಧಿ ಮಾರುವ ಅಂಗಡಿಗಳ ಉದ್ರಿ ಬೇರೆ ಬಗೆಯದು. ಮುಂಗಾರಿನಲ್ಲಿ ಒಯ್ದ ರೈತ ಕೊಡುವುದು ಫಸಲು ಮಾರಿದ ಮೇಲೆ. ಅವನಿಗೆ 30 ದಿನದ ವಾಯಿದೆ ಹಾಕಿದರೆ ಅದು ಮೊದಲ ದಿನದಿಂದಲೇ ಸುಳ್ಳು. ಮೆಕ್ಕೆಜೋಳದವನಿಗೆ ಒಂದು ತಾರೀಖು, ಮೆಣಸಿನಕಾಯಿಯವನಿಗೆ ಸುಗ್ಗಿಯ ಕೊನೆಯ ತಾರೀಖು ಎಂದು ಬೆಳೆಗೆ ತಕ್ಕಂತೆ ವಾಯಿದೆ ಕೂರಿಸಿ, ಅದರೊಳಗೆ ಬಡ್ಡಿಯಿಲ್ಲ ಎಂದು ಹೇಳುವುದೇ ಸರಿ.

ಉದ್ರಿಗೆಂದು ಬೆಲೆಯನ್ನೇ ಏರಿಸುವ ಚಾಳಿ ಅಲ್ಲಲ್ಲಿ ಕಾಣುತ್ತದೆ. ಗೊಬ್ಬರದ ಚೀಲಕ್ಕೆ, ಬೀಜದ ಪಾಕೀಟಿಗೆ ಅಚ್ಚಾದ ಎಂಆರ್‌ಪಿಗಿಂತ ಒಂದು ರೂಪಾಯಿ ಹೆಚ್ಚು ಬರೆದರೂ ಅದು ಅಪರಾಧ, ಉದ್ರಿ ಎಂಬ ಸಬೂಬು ನಡೆಯುವುದಿಲ್ಲ. ರೋಖ ಕೊಟ್ಟವರಿಗೆ ಎಂಆರ್‌ಪಿಗಿಂತ ಕಡಿಮೆ ಮಾಡಿ ಕೊಡುವುದು ಇದಕ್ಕೆ ನೇರ ದಾರಿ. ಮಳೆ ಕೈಕೊಟ್ಟ ವರ್ಷ ಬಡ್ಡಿ ಎಣಿಸುತ್ತ ಕೂತರೆ ಅಸಲೂ ಬಾರದು. ಆ ವರ್ಷದ ಬಾಕಿಯನ್ನು ಮುಂದಿನ ಫಸಲಿಗೆ ಹೊಸ ತಾರೀಖಿನೊಡನೆ ಬರೆದುಕೊಳ್ಳುವುದು ಅಂಗಡಿಗೇ ಲಾಭ.

ಪದೇ ಪದೇ ಆಗುವ ತಪ್ಪುಗಳು

- ಬಡ್ಡಿಗೆ ಬಡ್ಡಿ. ಒಪ್ಪಂದದಲ್ಲಿ ಸರಳ ಬಡ್ಡಿ ಎಂದಿದ್ದು, ಗುಮಾಸ್ತರು ಹಿಂದಿನ ತಿಂಗಳ ಬಡ್ಡಿಯನ್ನು ಅಸಲಿಗೆ ಸೇರಿಸಿ ಎಣಿಸುತ್ತಾರೆ. ಗಿರಾಕಿ ಒಂದು ತಪ್ಪು ಹಿಡಿದರೂ ಇಡೀ ಲೆಕ್ಕ ಸುಳ್ಳೆಂದು ಎಸೆಯುತ್ತಾನೆ.

- ಒಬ್ಬರಿಗೊಂದು ದರ. ಹುಬ್ಬಳ್ಳಿಯ ಇಬ್ಬರು ಸಗಟು ವ್ಯಾಪಾರಿಗಳು ಚಹಾ ಕುಡಿಯುತ್ತ ಕೂತರೆ ಬ್ಯಾಡಗಿಯ ದರ ಹೊರಗೆ ಬಂದೇ ಬರುತ್ತದೆ. ದರ ಎಲ್ಲರಿಗೂ ಒಂದೇ ಇರಲಿ. ವಾಯಿದೆಯ ದಿನ ಬೇಕಾದರೆ ಖಾತೆ ನೋಡಿ ಹೆಚ್ಚುಕಡಿಮೆ ಆಗಲಿ.

- ಬಡ್ಡಿ ಬರುತ್ತಿದೆ ಎಂದು ಮಾಲು ಕೊಡುತ್ತ ಹೋಗುವುದು. ಮೂರು ಬಿಲ್ಲು ಬಾಕಿಯಿಟ್ಟು, ಬಡ್ಡಿಗೆ ಚಕಾರ ಎತ್ತದೆ “ಹಾಕ್ರಿ, ಕೊಡ್ತೇನಿ” ಅನ್ನುವ ಗಿರಾಕಿಯ ಬಗ್ಗೆ ಖುಷಿಪಡಬಾರದು. ಬಡ್ಡಿಯ ಬಗ್ಗೆ ಜಗಳ ತೆಗೆಯುವವನು ಕೊಡಬೇಕೆಂದಿರುವವನು. ಏನೂ ಅನ್ನದವನಿಗೆ ಮುಂದಿನ ಲಾರಿ ತುಂಬುವ ಮುಂಚೆ ಉದ್ರಿಯ ಮಿತಿ ನೋಡಬೇಕು.

- ಮೂರು ವರ್ಷ ದಾಟಲು ಬಿಡುವುದು. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು ಕಾಲಮಿತಿ ಮೂರು ವರ್ಷ. ವಾಯಿದೆ ಇದ್ದರೆ ಅದು ಮುಗಿದ ದಿನದಿಂದ ಎಣಿಕೆ. ಅದು ಮುಗಿಯುವುದರೊಳಗೆ ಗಿರಾಕಿ ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ. ಪ್ರತಿ ದೀಪಾವಳಿಗೆ ಹಬ್ಬದ ಪತ್ರಿಕೆಯ ಜೊತೆ ಬಾಕಿ ತಾಳೆಯ ಚೀಟಿ ಕಳಿಸಿ ಸಹಿ ತರಿಸಿಕೊಂಡರೆ ಇದು ಜಬರದಸ್ತಿ ಅನಿಸದೆ ಆಗುವ ಕೆಲಸ. ಚೀಟಿಯಲ್ಲಿ ಅಸಲು, ಬಡ್ಡಿ ಎರಡೂ ಬೇರೆಬೇರೆ ಸಾಲಿನಲ್ಲಿರಲಿ. ಬಡ್ಡಿ ಒಪ್ಪದವನು ಅಸಲಿನ ಸಾಲಿಗಾದರೂ ಸಹಿ ಹಾಕುತ್ತಾನೆ.

ವ್ಯಾಪಾರವೇ ಕುಸಿದು ಕೊಡಲಾಗದ ಸ್ಥಿತಿಗೆ ಬಂದ ಗಿರಾಕಿಗೆ ಬಡ್ಡಿ ಏರಿಸುತ್ತ ಹೋದರೆ ಕಾಗದದ ಮೇಲಿನ ಅಂಕಿ ಬೆಳೆಯುತ್ತದೆಯೇ ಹೊರತು ಹಣ ಬರುವುದಿಲ್ಲ. ಅಂಥ ಕಡೆ ಒಂದು ತಾರೀಖಿಗೆ ಬಡ್ಡಿ ನಿಲ್ಲಿಸಿ, ಅಸಲನ್ನು ತಿಂಗಳ ಕಂತುಗಳಾಗಿ ಬರೆಸಿಕೊಂಡು, ಎರಡು ಕಂತು ತಪ್ಪಿದರೆ ನಿಲ್ಲಿಸಿದ ಬಡ್ಡಿ ಮತ್ತೆ ಶುರು ಎಂಬ ಒಂದು ಸಾಲು ಸೇರಿಸಿ ಇಬ್ಬರೂ ಸಹಿ ಹಾಕಬೇಕು. ಆಮೇಲೆ ಅವನು ಮಾಲು ಕೇಳಿದರೆ ರೋಖಕ್ಕೆ ಮಾತ್ರ.